ಫುಟ್‌ಪಾತಿನ ಗುಡಿಸಲೂ ಸಂವಿಧಾನದ 21ನೆಯ ವಿಧಿಯೂ

ಮುಂಬಯಿ ಮಹಾನಗರಪಾಲಿಕೆಯ ಕಾರಭಾರ ಇಂದಿಗೂ ನಡೆಯುತ್ತಿರುವುದು 1888ರ ಒಂದು ಕಾಯಿದೆಯ ಮೇಲೆ. ಅದರ 312ನೆಯ ಕಲಮಿನ ಪ್ರಕಾರ ರಸ್ತೆಯಲ್ಲಿ ಸಂಚಾರಕ್ಕೆ ಅಡ್ಡಿಯಾಗುವಂಥ ಏನನ್ನೂ ಕಟ್ಟಕೂಡದು. 313ನೆಯದರ ಪ್ರಕಾರ ಅಲ್ಲಿ ಸಾಮಾನು ಹರವಿ ಇಡಕೂಡದು. ಹಾಗೆ ಕಟ್ಟಿದ್ದನ್ನೂ ಇಟ್ಟದ್ದನ್ನೂ ಕಮಿಷನರರು "ನೋಟೀಸು ಕೊಡದೆ" ತೆಗೆಸಿಹಾಕಬಹುದು ಎನ್ನುವುದು 314ನೆಯ ಕಲಮು. ಬ್ರಿಟಿಷರ ಕಾಲದ ಗುಮಾಸ್ತನೊಬ್ಬನ ಲೇಖನಿಯಿಂದ ಇಳಿದಂತೆ ಕಾಣುವ ಈ ಎರಡು ಪದಗಳು ನೂರು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದುವು. 1981ರ ಮಳೆಗಾಲದಲ್ಲಿ ಅವು ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಬಂದು ನಿಂತುವು. ಅಲ್ಲಿ ಅವಕ್ಕೆ ಎದುರಾಗಿ ನಿಂತದ್ದು ಸಂವಿಧಾನದ 21ನೆಯ ವಿಧಿ: ಕಾನೂನು ಗೊತ್ತುಪಡಿಸಿದ ಕಾರ್ಯಕ್ರಮವನ್ನು ಅನುಸರಿಸಿಯೇ ಹೊರತು ಯಾರ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳಕೂಡದು, ಎಂಬುದು.

ಗುಡಿಸಲು ಕೀಳುವುದಕ್ಕೂ ಜೀವ ಕಿತ್ತುಕೊಳ್ಳುವುದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. 1950ರಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದರೆ ನ್ಯಾಯಾಲಯ ನಕ್ಕುಬಿಡುತ್ತಿತ್ತು. 1985ರಲ್ಲಿ ಅದೇ ನ್ಯಾಯಾಲಯ, ಸಂಬಂಧವಿದೆ ಎಂದಿತು. ಈ ಮೂವತ್ತೈದು ವರ್ಷಗಳಲ್ಲಿ ವಿಧಿಯ ಒಂದಕ್ಷರವೂ ಬದಲಾಗಲಿಲ್ಲ. ಬದಲಾದದ್ದು ಅದನ್ನು ಓದಿದ ರೀತಿ. ಆ ಬದಲಾವಣೆಯ ಕಥೆಯನ್ನು ಹೇಳಬೇಕಾದರೆ ನಾವು ಮಂಗಳೂರಿನವರೊಬ್ಬರಿಂದ ಆರಂಭಿಸಬೇಕು.

ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು ಬೆನೆಗಲ್ ನರಸಿಂಗ ರಾಯರು. ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದ ರಾಮ ರಾಯರೂ ಪತ್ರಕರ್ತ ಶಿವ ರಾಯರೂ ಇವರ ಸೋದರರು. ಸಭೆ ಮೊದಲು ಒಪ್ಪಿದ ಕರಡಿನಲ್ಲಿ ಅಮೆರಿಕದ ಸಂವಿಧಾನದ ಮಾತನ್ನೇ ಎತ್ತಿಕೊಳ್ಳಲಾಗಿತ್ತು: "ಡ್ಯೂ ಪ್ರೋಸೆಸ್", ಎಂದರೆ ನ್ಯಾಯಕ್ಕೆ ತಕ್ಕುದಾದ ಕ್ರಮ. ಕಾನೂನು ಇದ್ದರೆ ಸಾಲದು, ಅದು ನ್ಯಾಯವಾಗಿಯೂ ಇರಬೇಕು, ಹಾಗಿದೆಯೋ ಇಲ್ಲವೋ ಎಂಬುದನ್ನು ನ್ಯಾಯಾಧೀಶರು ನೋಡುತ್ತಾರೆ ಎಂಬುದು ಆ ಮಾತಿನ ತಿರುಳು. 1947ರ ಕೊನೆಯಲ್ಲಿ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿನ ನ್ಯಾಯವೇತ್ತರನ್ನು ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರಿಗೆ ಕೊಟ್ಟ ಸಲಹೆ, ಈ ಮಾತನ್ನು ಇಟ್ಟುಕೊಳ್ಳಬೇಡಿ ಎಂದು. ಚುನಾಯಿತ ಶಾಸನಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಮಗೆ ಸರಿಕಾಣದೆಂದು ಹೊಡೆದುಹಾಕುವುದು ಪ್ರಜಾಪ್ರಭುತ್ವಕ್ಕೂ ಒಳ್ಳೆಯದಲ್ಲ, ನ್ಯಾಯಾಧೀಶರಿಗೂ ತಕ್ಕ ಹೊರೆಯಲ್ಲ ಎಂಬುದು ಅವರ ಅಭಿಪ್ರಾಯ. ಅದಕ್ಕೆ ಆಧಾರವೂ ಇತ್ತು. ಬೇಕರಿಯ ಕೂಲಿಗಳನ್ನು ವಾರಕ್ಕೆ ಅರವತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ನ್ಯೂಯಾರ್ಕ್ ರಾಜ್ಯ ಮಾಡಿದ್ದ ಕಾನೂನನ್ನು 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದೇ "ಡ್ಯೂ ಪ್ರೋಸೆಸ್" ಮಾತನ್ನು ಹಿಡಿದು ರದ್ದು ಮಾಡಿತ್ತು. ನಮ್ಮಲ್ಲಿ ಭೂಸುಧಾರಣೆಯ ಕಾನೂನುಗಳು ಬರಬೇಕಾಗಿದ್ದ ಕಾಲ. ಅವಕ್ಕೂ ಇದೇ ಗತಿಯಾದರೆ ಏನೆಂಬ ಅಳುಕು ಸಹಜವಾಗಿತ್ತು.

ಕರಡು ಸಮಿತಿ ಆ ಮಾತನ್ನು ತೆಗೆದು, ಜಪಾನಿನ 1946ರ ಸಂವಿಧಾನದಲ್ಲಿದ್ದ "ಕಾನೂನು ಗೊತ್ತುಪಡಿಸಿದ ಕಾರ್ಯಕ್ರಮ" ಎಂಬುದನ್ನು ಹಾಕಿತು. 1948ರ ಡಿಸೆಂಬರಿನಲ್ಲಿ ಸಭೆಯಲ್ಲಿ ಇದರ ಮೇಲೆ ಬಿರುಸಾದ ಚರ್ಚೆ ನಡೆಯಿತು. ಮುನ್ಷಿಯವರು ಹಳೆಯ ಮಾತೇ ಇರಲಿ ಎಂದರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಹೊಸದರ ಪರವಾಗಿ ವಾದಿಸಿದರು. ಅಂಬೇಡ್ಕರರು ಅಂದು ಎರಡರಲ್ಲಿ ಒಂದನ್ನು ನಿಸ್ಸಂಶಯವಾಗಿ ಆರಿಸಲಾರದೆ ಹೋದರು. ಪಕ್ಷಗಳ ಹಿಡಿತದಲ್ಲಿರುವ ಶಾಸನಸಭೆಯನ್ನು ನಂಬುವುದೂ ಕಷ್ಟ, ಐದಾರು ಮಂದಿ ನ್ಯಾಯಾಧೀಶರ ಮನೋಧರ್ಮವನ್ನು ನಂಬಿ ಕೂರುವುದೂ ಕಷ್ಟ ಎಂಬುದು ಅವರ ಮಾತಿನ ಸಾರ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ, ಅತ್ತ ದರಿ, ಇತ್ತ ಪುಲಿ. ಮತಕ್ಕೆ ಹಾಕಿದಾಗ ಹೊಸ ಮಾತೇ ಉಳಿಯಿತು.

ಅದರ ಪರಿಣಾಮ ಕಾಣಲು ಹೆಚ್ಚು ದಿನ ಬೇಕಾಗಲಿಲ್ಲ. ಸಂವಿಧಾನ ಜಾರಿಗೆ ಬಂದು ನಾಲ್ಕು ತಿಂಗಳು ತುಂಬುವ ಮೊದಲೇ, 1950ರ ಮೇ 19ರಂದು, ಎ. ಕೆ. ಗೋಪಾಲನ್ ಪ್ರಕರಣದ ತೀರ್ಪು ಬಂತು. ಕಮ್ಯೂನಿಸ್ಟ್ ನಾಯಕರಾದ ಗೋಪಾಲನ್ನರನ್ನು ಮದರಾಸು ಸರಕಾರ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಹೊಸ ಕಾಯಿದೆಯ ಕೆಳಗೆ ಸೆರೆಯಲ್ಲಿಟ್ಟಿತ್ತು. ಆರು ನ್ಯಾಯಮೂರ್ತಿಗಳಲ್ಲಿ ಬಹುಮತದವರು ಹೇಳಿದ್ದು ಇಷ್ಟು: ಕಾನೂನು ಎಂದರೆ ಶಾಸನಸಭೆ ಮಾಡಿದ ಕಾನೂನು. ಅದು ಒಂದು ಕ್ರಮವನ್ನು ಗೊತ್ತುಪಡಿಸಿದ್ದರೆ, ಅಧಿಕಾರಿ ಆ ಕ್ರಮದಂತೆ ನಡೆದಿದ್ದರೆ, ಅಲ್ಲಿಗೆ ಮುಗಿಯಿತು. ಆ ಕ್ರಮ ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ತೂಗಲಾರೆವು. ಸಮಾನತೆಯ 14ನೆಯ ವಿಧಿ, ವಾಕ್ಸ್ವಾತಂತ್ರ್ಯ ಮುಂತಾದ 19ನೆಯ ವಿಧಿ, ಜೀವ ಸ್ವಾತಂತ್ರ್ಯಗಳ 21ನೆಯ ವಿಧಿ ಇವೆಲ್ಲ ಬೇರೆ ಬೇರೆ ಕೋಣೆಗಳಿದ್ದ ಹಾಗೆ. ಒಂದರಿಂದ ಇನ್ನೊಂದಕ್ಕೆ ಬಾಗಿಲಿಲ್ಲ.

ಒಬ್ಬರು ಮಾತ್ರ ಒಪ್ಪಲಿಲ್ಲ. ನ್ಯಾಯಮೂರ್ತಿ ಫಜಲ್ ಅಲಿಯವರ ಭಿನ್ನ ತೀರ್ಪಿನಲ್ಲಿ, "ಕಾರ್ಯಕ್ರಮ" ಎಂಬ ಮಾತಿನೊಳಗೇ ನಾಲ್ಕು ಸಂಗತಿಗಳು ಅಡಗಿವೆಯೆಂಬ ವಾದವಿದೆ: ನೋಟೀಸು, ಅಹವಾಲು ಹೇಳಿಕೊಳ್ಳುವ ಅವಕಾಶ, ಪಕ್ಷಪಾತವಿಲ್ಲದ ವಿಚಾರಣಾಧಿಕಾರಿ, ಸುವ್ಯವಸ್ಥಿತವಾದ ನಡವಳಿಕೆ. ಈ ನಾಲ್ಕೂ ಇಲ್ಲದ್ದನ್ನು ಕಾರ್ಯಕ್ರಮವೆಂದು ಕರೆಯುವುದೇ ಸಲ್ಲದು. ಓದುಗರು ಈ ನಾಲ್ಕನ್ನು ನೆನಪಿನಲ್ಲಿಡಬೇಕೆಂದು ನಮ್ಮ ವಿನಂತಿ. ಮುಂದೆ ಆದದ್ದೆಲ್ಲ ಇವನ್ನು ಒಂದೊಂದಾಗಿ ಮರಳಿ ಪಡೆದ ಕಥೆಯೇ.

ಮುಂದಿನ ಇಪ್ಪತ್ತು ವರ್ಷ ಗೋಪಾಲನ್ ತೀರ್ಪಿನ ಗೋಡೆಗಳು ಅಲ್ಲಲ್ಲಿ ಬಿರುಕು ಬಿಟ್ಟುವು. ದೊಡ್ಡ ಬಿರುಕು ಬಂದದ್ದು ವಿಚಿತ್ರವಾದ ಕಡೆಯಿಂದ. 1969ರ ಜುಲೈಯಲ್ಲಿ ಸರಕಾರ ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. ನಮ್ಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಅವುಗಳಲ್ಲಿ ಸೇರಿದ್ದುವೆಂಬುದನ್ನು ಮುಂಬಯಿಯ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಕೂಪರ್ ಎಂಬ ಶೇರುದಾರರು ಅದನ್ನು ಪ್ರಶ್ನಿಸಿದರು. 1970ರ ಫೆಬ್ರವರಿಯಲ್ಲಿ ಹನ್ನೊಂದು ಮಂದಿಯ ಪೀಠ, ಮೂಲಭೂತ ಹಕ್ಕುಗಳು ಒಂದಕ್ಕೊಂದು ಸೋಂಕದ ಕೋಣೆಗಳಲ್ಲ, ಸರಕಾರದ ಕೃತ್ಯದಿಂದ ಪ್ರಜೆಗೆ ಏನಾಯಿತೆಂಬುದನ್ನು ನೋಡಬೇಕು ಎಂದಿತು. ಶೇರುದಾರರ ಆಸ್ತಿಗಾಗಿ ತೆರೆದ ಈ ಬಾಗಿಲಿನಿಂದ ಮುಂದೆ ಫುಟ್‌ಪಾತಿನವರು ಒಳಗೆ ಬಂದರು.

ಆದರೆ ಬಾಗಿಲು ತೆರೆದ ಮೇಲೂ ಒಮ್ಮೆ ಕತ್ತಲೆ ಕವಿಯಿತು. 1976ರ ಏಪ್ರಿಲ್ 28ರಂದು, ತುರ್ತುಪರಿಸ್ಥಿತಿಯ ನಡುವೆ, ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಜಬಲ್ಪುರ ಪ್ರಕರಣದಲ್ಲಿ ತೀರ್ಪಿತ್ತರು: 21ನೆಯ ವಿಧಿಯ ಜಾರಿಯನ್ನು ಅಮಾನತ್ತಿನಲ್ಲಿಟ್ಟಿರುವಾಗ, ಸೆರೆಯಲ್ಲಿರುವವನು ತನ್ನನ್ನು ಹಿಡಿದಿಟ್ಟದ್ದು ಅಕ್ರಮವೆಂದು ಯಾವ ಹೈಕೋರ್ಟಿನಲ್ಲೂ ಕೇಳುವಂತಿಲ್ಲ. ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ನಾಲ್ವರಲ್ಲಿ ಬೇಗ್, ಚಂದ್ರಚೂಡ್, ಭಗವತಿ ಈ ಮೂವರೂ ಇದ್ದರು. ಎರಡು ವರ್ಷ ತುಂಬುವುದರೊಳಗೆ ಇದೇ ಮೂವರು ಇನ್ನೊಂದು ಪೀಠದಲ್ಲಿ ಕುಳಿತು, 21ನೆಯ ವಿಧಿಗೆ ಅದುವರೆಗೆ ಯಾರೂ ಕೊಡದಿದ್ದ ವಿಸ್ತಾರವನ್ನು ಕೊಟ್ಟರು. ಅದು ಪಶ್ಚಾತ್ತಾಪವೋ ಕಾಲಧರ್ಮವೋ ನಾವು ನಿರ್ಣಯಿಸಲಾರೆವು. ತುರ್ತುಪರಿಸ್ಥಿತಿಯನ್ನು ಕಂಡವರು ತಮ್ಮ ತಮ್ಮ ಊಹೆ ಮಾಡಿಕೊಳ್ಳಲಿ.

ಆ ಇನ್ನೊಂದು ಪ್ರಕರಣ ಮೇನಕಾ ಗಾಂಧಿಯವರದು. ಅದರ ಸಂಗತಿಗಳು ಸರಳ. 1976ರ ಜೂನ್ 1ರಂದು ಅವರಿಗೆ ಪಾಸ್‌ಪೋರ್ಟು ಸಿಕ್ಕಿತ್ತು. ಸರಕಾರ ಬದಲಾಯಿತು. 1977ರ ಜುಲೈ 4ರಂದು ದಿಲ್ಲಿಯ ಪಾಸ್‌ಪೋರ್ಟು ಅಧಿಕಾರಿಯಿಂದ ಪತ್ರ ಬಂತು: ಸಾರ್ವಜನಿಕ ಹಿತಕ್ಕಾಗಿ ನಿಮ್ಮ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಿಕೊಳ್ಳಲು ಸರಕಾರ ನಿರ್ಧರಿಸಿದೆ, ಏಳು ದಿನಗಳಲ್ಲಿ ಒಪ್ಪಿಸಿ. ಅವರು ಕೂಡಲೇ ಕಾರಣವೇನೆಂದು ಬರೆದು ಕೇಳಿದರು. ಬಂದ ಉತ್ತರ: ಸಾರ್ವಜನಿಕರ ಹಿತದೃಷ್ಟಿಯಿಂದಲೇ ಕಾರಣಗಳ ಪ್ರತಿಯನ್ನು ಕೊಡಲಾಗದು. ಎಂದರೆ, ಯಾಕೆ ಕಿತ್ತುಕೊಂಡಿರಿ ಎಂದರೆ ಜನಹಿತ. ಯಾಕೆ ಹೇಳುವುದಿಲ್ಲ ಎಂದರೆ ಅದೂ ಜನಹಿತ. ಕೋರ್ಟಿಗೆ ಹೋದ ಮೇಲೆ ಸರಕಾರದ ಪ್ರಮಾಣಪತ್ರದಲ್ಲಿ ನಿಜವಾದ ಕಾರಣ ಹೊರಬಿತ್ತು. ವಿಚಾರಣಾ ಆಯೋಗವೊಂದರ ಮುಂದೆ ಅವರು ಬೇಕಾಗಬಹುದು ಎಂಬುದೇ ಅದು. ಅಷ್ಟನ್ನು ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಗೋಪಾಲನ್ ತೀರ್ಪಿನ ಲೆಕ್ಕದಲ್ಲಿ ಇಲ್ಲಿ ಸರಕಾರದ ತಪ್ಪೇನೂ ಇಲ್ಲ. 1967ರ ಪಾಸ್‌ಪೋರ್ಟು ಕಾಯಿದೆಯಿದೆ; ಮುಟ್ಟುಗೋಲಿಗೆ ಅದರಲ್ಲಿ ಅಧಿಕಾರವಿದೆ; ಕಾರಣ ಕೊಡದಿರಲೂ ಅವಕಾಶವಿದೆ; ಮುಂಚಿತವಾಗಿ ಅಹವಾಲು ಕೇಳಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. 1978ರ ಜನವರಿ 25ರಂದು ತೀರ್ಪಿತ್ತ ಏಳು ಮಂದಿಯ ಪೀಠ ಈ ಲೆಕ್ಕವನ್ನೇ ಬದಲಿಸಿತು. ಯಾವುದೋ ಒಂದು ಕ್ರಮವಿದ್ದರೆ ಸಾಲದು. ಅದು ನ್ಯಾಯಯುತವೂ ನೇರವೂ ಸಮಂಜಸವೂ ಆಗಿರಬೇಕು, ಮನಬಂದಂತೆ ನಡೆಯುವಂಥದೂ ಹಿಂಸಿಸುವಂಥದೂ ಆಗಿರಕೂಡದು. ಇದು ನ್ಯಾಯಮೂರ್ತಿ ಭಗವತಿಯವರ ತೀರ್ಪಿನ ಜೀವಾಳ. ಅವರ ತರ್ಕದ ನಡೆ ಹೀಗೆ: ಹಕ್ಕುಗಳ ನಡುವೆ ಗೋಡೆಗಳಿಲ್ಲವೆಂದು ಕೂಪರ್ ಪ್ರಕರಣದಲ್ಲೇ ಒಪ್ಪಿಯಾಗಿದೆ. ಆದ್ದರಿಂದ 21ನೆಯ ವಿಧಿಯ ಕ್ರಮಕ್ಕೆ 14ನೆಯ ವಿಧಿಯ ಪರೀಕ್ಷೆಯೂ ತಗಲುತ್ತದೆ. 14ನೆಯ ವಿಧಿ ಸ್ವೇಚ್ಛೆಯನ್ನು ಸಹಿಸುವುದಿಲ್ಲ. ಹಾಗಾಗಿ ಸ್ವೇಚ್ಛೆಯಿಂದ ಕೂಡಿದ ಕ್ರಮ 21ನೆಯ ವಿಧಿಯ ಅರ್ಥದಲ್ಲಿ ಕ್ರಮವೇ ಅಲ್ಲ. ರಾಯರು ತೆಗೆಸಿದ ಅಮೆರಿಕದ ಮಾತು ಹೀಗೆ ಮೂವತ್ತು ವರ್ಷಗಳ ಮೇಲೆ ಹಿತ್ತಿಲ ಬಾಗಿಲಿನಿಂದ ಮನೆಗೆ ಮರಳಿತು. ಗೋಪಾಲನ್ನರು ಇದನ್ನು ನೋಡಲಿಲ್ಲ. ಅವರು 1977ರ ಮಾರ್ಚಿಯಲ್ಲಿ ತೀರಿಕೊಂಡಿದ್ದರು.

ಹಾಗಾದರೆ ಪಾಸ್‌ಪೋರ್ಟು ಕಾಯಿದೆ ಬಿದ್ದುಹೋಯಿತೇ? ಇಲ್ಲ. ಇಲ್ಲಿ ನ್ಯಾಯಾಲಯ ಒಂದು ಉಪಾಯ ಮಾಡಿತು. ಮುಂದಿನ ಎಷ್ಟೋ ಪ್ರಕರಣಗಳಿಗೆ ಅದೇ ಮಾದರಿಯಾಯಿತು. ಅಹವಾಲು ಕೇಳಬೇಕೆಂದು ಕಾಯಿದೆಯಲ್ಲಿ ಬರೆದಿಲ್ಲ, ನಿಜ; ಆದರೆ ಕೇಳಬಾರದೆಂದೂ ಬರೆದಿಲ್ಲ. ಬರೆಯದಿರುವ ಜಾಗದಲ್ಲಿ ಸಹಜ ನ್ಯಾಯ ತಾನಾಗಿ ಬಂದು ಕೂರುತ್ತದೆ. ಅವಸರವಿದ್ದರೆ ಮೊದಲು ಮುಟ್ಟುಗೋಲು ಹಾಕಿ, ತತ್‌ಕ್ಷಣ ಕರೆದು ಕೇಳಿ. ಹೀಗೆ ಕಾಯಿದೆ ಉಳಿಯಿತು, ಅದರ ಬಾಯಲ್ಲಿ ಇಲ್ಲದಿದ್ದ ಮಾತೊಂದು ಸೇರಿತು.

ಅರ್ಜಿದಾರರಿಗೆ ಸಿಕ್ಕಿದ್ದು ಏನೆಂಬುದನ್ನು ನಮ್ಮ ಪತ್ರಿಕೆಗಳು ಹೆಚ್ಚಾಗಿ ಬರೆಯುವುದಿಲ್ಲ. ಎರಡು ವಾರದೊಳಗೆ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡುತ್ತೇವೆ, ಮುಟ್ಟುಗೋಲನ್ನು ಉಳಿಸಿಕೊಂಡರೂ ಆರು ತಿಂಗಳು ಮೀರುವುದಿಲ್ಲ ಎಂದು ಅಟಾರ್ನಿ ಜನರಲ್ ಕೋರ್ಟಿಗೆ ಮಾತು ಕೊಟ್ಟರು. ಅದನ್ನು ದಾಖಲಿಸಿಕೊಂಡು ಕೋರ್ಟು ಅರ್ಜಿಯನ್ನು ಮುಗಿಸಿತು. ಆದೇಶ ರದ್ದಾಗಲಿಲ್ಲ. ಪಾಸ್‌ಪೋರ್ಟು ಅಂದೇ ಕೈಗೆ ಬರಲಿಲ್ಲ. ತತ್ತ್ವ ಗೆದ್ದಿತು, ಅರ್ಜಿದಾರರು ಮನೆಗೆ ಹೋದರು. 21ನೆಯ ವಿಧಿಯ ಇತಿಹಾಸದಲ್ಲಿ ಇದು ಮತ್ತೆ ಮತ್ತೆ ಕಾಣುವ ಚಿತ್ರ. ಬಿತ್ತಿದವರೊಬ್ಬರು, ಉಂಡವರು ಬೇರೆ. ಮರುವರ್ಷ, 1979ರಲ್ಲಿ, ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದ ಬಡವರು ಇದೇ ತೀರ್ಪಿನ ಬಲದಿಂದ ಹೊರಬಂದರು. ವಿಚಾರಣೆಯನ್ನು ವಿಳಂಬಿಸುವ ಕ್ರಮ ನ್ಯಾಯಯುತವಲ್ಲ ಎಂದು ಕೋರ್ಟು ಹೇಳಿತು.

ಈಗ ಮುಂಬಯಿಗೆ ಬರೋಣ. 1981ರ ಜುಲೈ 13ರಂದು ಮಹಾರಾಷ್ಟ್ರದ ಮುಖ್ಯಮಂತ್ರಿ ಎ. ಆರ್. ಅಂತುಳೆಯವರು ಪ್ರಕಟಿಸಿದರು: ಫುಟ್‌ಪಾತಿನಲ್ಲಿ ಬಿಡಾರ ಹೂಡಿದವರನ್ನೆಲ್ಲ ಎಬ್ಬಿಸಿ ಅವರವರ ಊರಿಗೆ, ಇಲ್ಲವೆ ನಗರದ ಹೊರಗೆ ಸಾಗಿಸಲಾಗುವುದು. ಧೋ ಎಂದು ಮಳೆ ಸುರಿಯುವ ತಿಂಗಳು. ಹತ್ತು ದಿನಗಳಲ್ಲಿ ಕೆಡಹುವ ಕೆಲಸ ಆರಂಭವಾಯಿತು.

ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರು ಪತ್ರಕರ್ತೆ ಓಲ್ಗಾ ಟೆಲಿಸ್. ಪ್ರಕರಣಕ್ಕೆ ಅವರದೇ ಹೆಸರು ನಿಂತಿತು. ಅವರ ಜೊತೆಗಿದ್ದ ಇಬ್ಬರು ಫುಟ್‌ಪಾತಿನವರು. ತೀರ್ಪಿನಲ್ಲಿ ದಾಖಲಾಗಿರುವ ಅವರ ಕಥೆಯನ್ನು ಓದಿದರೆ, ಊರು ಬಿಟ್ಟು ಈ ನಗರಕ್ಕೆ ಬಂದ ಯಾರಿಗೂ ಅದು ಪರಕೀಯವೆನಿಸದು. ಒಬ್ಬರು ಸೇಲಂ ಕಡೆಯ ಭೂಮಿಯಿಲ್ಲದ ಕೂಲಿಕಾರರು. ಬರಗಾಲದಲ್ಲಿ ಕೆಲಸ ತಪ್ಪಿ 1961ರಲ್ಲಿ ಮುಂಬಯಿಗೆ ಬಂದವರು. ದಹಿಸರಿನ ರಾಸಾಯನಿಕ ಕಾರಖಾನೆಯಲ್ಲಿ ದಿನಕ್ಕೆ 23 ರೂಪಾಯಿ ಕೂಲಿ. ಪಶ್ಚಿಮ ಹೆದ್ದಾರಿಯ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ಕಿನ ಹಾಳೆ ಮತ್ತು ಕ್ಯಾನ್ವಾಸಿನ ಒಂದು ಗೂಡಿಗಾಗಿ ಸ್ಥಳೀಯ ದಾದಾ ಒಬ್ಬನಿಗೆ 2,500 ರೂಪಾಯಿ ತೆತ್ತಿದ್ದರು. ಎಂದರೆ ನೂರಕ್ಕೂ ಹೆಚ್ಚು ದಿನದ ಕೂಲಿ. ಹೆಂಡತಿ, ಮೂವರು ಹೆಣ್ಣುಮಕ್ಕಳು. ಜುಲೈ 23ರಂದು ಗೂಡು ಕಿತ್ತು, ಸಂಸಾರವನ್ನು ಬಸ್ಸಿಗೆ ಹತ್ತಿಸಿ ಸೇಲಮ್ಮಿಗೆ ಕಳಿಸಿದರು. ಹೆಂಡತಿ ಮಕ್ಕಳು ಅಲ್ಲೇ ಉಳಿದರು. ಇವರು ಕೆಲಸ ಹುಡುಕಿಕೊಂಡು ತಿರುಗಿ ಬಂದು ಮತ್ತೆ ಫುಟ್‌ಪಾತು ಸೇರಿದರು. ಇನ್ನೊಬ್ಬರು ಅಹಮದನಗರ ಜಿಲ್ಲೆಯ ಸಂಗಮನೇರಿನವರು, ತಿಂಗಳಿಗೆ 350 ರೂಪಾಯಿಯ ಬದಲಿ ಕಾಮಗಾರರು. ಅವರು ಗೂಂಡಾ ಒಬ್ಬನಿಗೆ ಕೊಟ್ಟದ್ದು 300 ರೂಪಾಯಿ. ಫುಟ್‌ಪಾತು ಪುಕ್ಕಟೆಯೆಂದು ತಿಳಿದವರು ಈ ಲೆಕ್ಕವನ್ನು ಗಮನಿಸಬೇಕು.

ನಗರಪಾಲಿಕೆಯ ವಾದವನ್ನು ನಾವು ತಳ್ಳಿಹಾಕುವಂತಿಲ್ಲ. ಫುಟ್‌ಪಾತು ನಡೆಯುವುದಕ್ಕಿರುವುದು. ಅಲ್ಲಿ ಮನೆ ಕಟ್ಟುವ ಹಕ್ಕು ಯಾರಿಗೂ ಇಲ್ಲ. ಹಕ್ಕೇ ಇಲ್ಲದವನಿಗೆ ನೋಟೀಸು ಕೊಟ್ಟು ಏನು ಕೇಳಬೇಕು, ಅವನು ಏನು ಹೇಳಿಯಾನು? ಅಲ್ಲದೆ, ಅದಕ್ಕೆ ಮುಂಚೆ ಹೈಕೋರ್ಟಿನಲ್ಲಿ ನಡೆದ ಅರ್ಜಿಯಲ್ಲಿ ಗುಡಿಸಲಿನವರ ಪರವಾಗಿ, ಫುಟ್‌ಪಾತಿನ ಮೇಲೆ ನಮಗೆ ಮೂಲಭೂತ ಹಕ್ಕಿಲ್ಲ, ಅಕ್ಟೋಬರ್ 15ರೊಳಗೆ ತೆರವು ಮಾಡುತ್ತೇವೆ ಎಂದು ಒಪ್ಪಿಕೊಂಡೂ ಆಗಿತ್ತು. ಈ ಕೊನೆಯ ಮಾತನ್ನು ಸುಪ್ರೀಂ ಕೋರ್ಟು ಸುಲಭವಾಗಿ ಬದಿಗಿಟ್ಟಿತು: ಮೂಲಭೂತ ಹಕ್ಕನ್ನು ಯಾರೂ ಬರೆದುಕೊಟ್ಟು ಕಳೆದುಕೊಳ್ಳಲಾರರು. ಬಡವನಿಂದ ಸಹಿ ಹಾಕಿಸಿಕೊಳ್ಳುವುದು ಎಷ್ಟು ಸುಲಭವೆಂದು ತಿಳಿದವರಿಗೆ ಈ ನಿಲುವಿನ ಬೆಲೆ ತಿಳಿದೀತು.

1985ರ ಜುಲೈ 10ರಂದು ಐವರ ಪೀಠದ ಪರವಾಗಿ ಮುಖ್ಯ ನ್ಯಾಯಮೂರ್ತಿ ಯಶವಂತ ಚಂದ್ರಚೂಡರು ತೀರ್ಪು ಓದಿದರು. ಮೊದಲ ಹೆಜ್ಜೆ, ಜೀವ ಎಂಬುದರ ಅರ್ಥ. ಗಲ್ಲಿಗೇರಿಸುವುದೊಂದೇ ಜೀವಹರಣವಲ್ಲ. ಬದುಕುವ ಸಾಧನವನ್ನು ಕಿತ್ತುಕೊಂಡರೆ ಬದುಕನ್ನೇ ಕಿತ್ತುಕೊಂಡಂತೆ. ಈ ಮಂದಿ ಫುಟ್‌ಪಾತನ್ನು ಆರಿಸಿಕೊಂಡದ್ದು ಕೆಲಸ ಅಲ್ಲಿಗೆ ಹತ್ತಿರವೆಂದು. ದೂರ ಅಟ್ಟಿದರೆ ಬಸ್ಸು ರೈಲಿನ ಖರ್ಚು ಮತ್ತು ಹೊತ್ತು ಕೂಲಿಯನ್ನು ನುಂಗಿಬಿಡುತ್ತದೆ. ಮನೆ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಜೀವ ಹೋಯಿತು. ಆದ್ದರಿಂದ ಎಬ್ಬಿಸುವುದು 21ನೆಯ ವಿಧಿಯ ಎಲ್ಲೆಯೊಳಗೆ ಬರುತ್ತದೆ. ಅಲ್ಲಿಗೆ ಮೊದಲ ಪ್ರಶ್ನೆ ತೀರಿತು.

ಎರಡನೆಯ ಹೆಜ್ಜೆಗೆ ಹೆಚ್ಚು ಎಚ್ಚರ ಬೇಕು. ಜೀವ ಕಿತ್ತುಕೊಳ್ಳಲೇ ಕೂಡದೆಂದು ವಿಧಿ ಹೇಳುವುದಿಲ್ಲ. ಕ್ರಮ ತಪ್ಪಿ ಕಿತ್ತುಕೊಳ್ಳಕೂಡದು ಎನ್ನುತ್ತದೆ. ಹಾಗಾದರೆ 314ನೆಯ ಕಲಮಿನ ಕ್ರಮ ನ್ಯಾಯಯುತವೇ? "ನೋಟೀಸು ಕೊಡದೆ" ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಪಾಸ್‌ಪೋರ್ಟು ಕಾಯಿದೆಯಲ್ಲಿದ್ದ ಖಾಲಿ ಜಾಗ ಇಲ್ಲಿಲ್ಲ. ಕೋರ್ಟು ಹಿಡಿದದ್ದು "ತೆಗೆಸಬಹುದು" ಎಂಬ ಕ್ರಿಯಾಪದದ ಬಾಲವನ್ನು. ತೆಗೆಸತಕ್ಕದ್ದು ಎಂದಿಲ್ಲ, ತೆಗೆಸಬಹುದು ಎಂದಿದೆ. ನೋಟೀಸಿಲ್ಲದೆ ತೆಗೆಸುವ ಅಧಿಕಾರ ಕಮಿಷನರರಿಗಿದೆಯೇ ಹೊರತು ನೋಟೀಸು ಕೊಡಬೇಡಿರೆಂಬ ಅಪ್ಪಣೆ ಇಲ್ಲ. ವಿವೇಚನೆಯಿರುವ ಅಧಿಕಾರವನ್ನು ವಿವೇಚಿಸಿಯೇ ಬಳಸಬೇಕು. ಸಾಮಾನ್ಯವಾಗಿ ನೋಟೀಸು ಕೊಡಬೇಕು. ಕೊಡದಿರುವುದು ತುರ್ತಿನ ಸಂದರ್ಭದ ಅಪವಾದ. ಹೀಗೆ ಓದಿದರೆ ಕಲಮು ಸಂವಿಧಾನಕ್ಕೆ ವಿರೋಧವಲ್ಲ. ಮತ್ತೆ ಅದೇ ಉಪಾಯ: ಕಾನೂನನ್ನು ಉಳಿಸಿ ಅದನ್ನು ಮೃದುವಾಗಿಸುವುದು.

ಹಕ್ಕಿಲ್ಲದವನು ಏನು ಹೇಳಿಯಾನು ಎಂಬ ಪ್ರಶ್ನೆಗೂ ಉತ್ತರ ಕೊಟ್ಟರು. ಅಹವಾಲು ಕೇಳುವುದು ತೀರ್ಮಾನ ಸರಿಯಾಗಲೆಂದು ಮಾತ್ರವಲ್ಲ. ತನಗೆ ಆಗುತ್ತಿರುವುದು ಯಾಕೆ ಆಗುತ್ತಿದೆಯೆಂದು ಕೇಳಿ ತಿಳಿಯುವುದು ಮನುಷ್ಯನಾದವನ ಘನತೆಗೆ ಸೇರಿದ್ದು. ಹೇಳಲು ಏನೂ ಇಲ್ಲವೆಂದು ಅಧಿಕಾರಿಯೇ ಮುಂಚಿತವಾಗಿ ತೀರ್ಮಾನಿಸಿಬಿಡುವುದು ಸಲ್ಲದು. ಇಡೀ ತೀರ್ಪಿನಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಭಾಗ.

ಆದರೆ ಇದರ ಬೆನ್ನಿಗೇ ಬರುವುದು ತೀರ್ಪಿನ ಅತ್ಯಂತ ದುರ್ಬಲವಾದ ಭಾಗ. ಅರ್ಜಿದಾರರಿಗೆ ಅಹವಾಲಿನ ಅವಕಾಶ ಕೊಡಬೇಕಾಗಿತ್ತು, ನಿಜ. ಆದರೆ ಅವರ ಮಾತನ್ನು ಈ ಕೋರ್ಟೇ ವಿಸ್ತಾರವಾಗಿ ಕೇಳಿದೆಯಾದ್ದರಿಂದ ಕಮಿಷನರರು ಮತ್ತೆ ಕೇಳಬೇಕಾಗಿಲ್ಲ ಎಂದುಬಿಟ್ಟರು. ಕೋರ್ಟು ಕೇಳಿದ್ದು ವಕೀಲರ ಬಾಯಿಂದ ಸಂವಿಧಾನದ ವಾದವನ್ನು. ನಾನು ಯಾವಾಗಿನಿಂದ ಇಲ್ಲಿದ್ದೇನೆ, ನನ್ನ ಹೆಸರು ಗಣತಿಯಲ್ಲಿದೆಯೇ, ಮಕ್ಕಳ ಶಾಲೆ ಎಲ್ಲಿ ಎಂದು ವಾರ್ಡು ಕಚೇರಿಯ ಮೇಜಿನ ಮುಂದೆ ಒಬ್ಬೊಬ್ಬನೂ ಹೇಳಿಕೊಳ್ಳುವುದು ಬೇರೆಯೇ ಮಾತು. ಒಂದಕ್ಕೆ ಇನ್ನೊಂದು ಬದಲಿಯಾಗಲಾರದು. ಹಾಗೆ ಲಕ್ಷಾಂತರ ಮಂದಿಯ ಅಹವಾಲು ಅರ್ಜಿದಾರರಾಗಿದ್ದ ಕೆಲವರ ಮೂಲಕ ಮುಗಿದುಹೋಯಿತು.

ಕೊನೆಗೆ ಹೊರಟ ಆಜ್ಞೆ ಹೀಗಿತ್ತು. 1976ರ ಗಣತಿಯಲ್ಲಿ ಸೇರಿದ ಫುಟ್‌ಪಾತಿನವರಿಗೆ ಮಾಳವಣಿಯಲ್ಲೋ ಅಂಥ ಬೇರೆ ಕಡೆಯಲ್ಲೋ ಬದಲಿ ಜಾಗ ಕೊಡಬೇಕು. ಆದರೆ ಜಾಗ ಕೊಟ್ಟ ಮೇಲೆಯೇ ಎಬ್ಬಿಸಬೇಕೆಂಬ ಷರತ್ತಿಲ್ಲ. ಗುರುತಿನ ಚೀಟಿ ಪಡೆದಿದ್ದ ಝೋಪಡಿಯವರಿಗೆ ಪುನರ್ವಸತಿಯ ನಿವೇಶನ ಕೊಡಬೇಕು. ಇಪ್ಪತ್ತು ವರ್ಷಕ್ಕೂ ಹಳೆಯದಾಗಿ, ಸುಧಾರಣೆಯೂ ಆಗಿರುವ ಝೋಪಡಪಟ್ಟಿಗಳನ್ನು ಸಾರ್ವಜನಿಕ ಕಾರ್ಯಕ್ಕೆ ಜಾಗ ಬೇಕಾದ ಹೊರತು ಕೀಳಕೂಡದು. ಮತ್ತು 1985ರ ಅಕ್ಟೋಬರ್ 31ರವರೆಗೆ, ಮಳೆಗಾಲ ಮುಗಿದು ಒಂದು ತಿಂಗಳು ಕಳೆಯುವವರೆಗೆ, ಯಾರನ್ನೂ ಎಬ್ಬಿಸಕೂಡದು. 1976ರ ನಂತರ ಬಂದವನ ಪಾಲಿಗೆ ಉಳಿದದ್ದು ಈ ಮಳೆಗಾಲದ ಸಾವಕಾಶವಷ್ಟೇ. ಅವನ ಬದುಕು 21ನೆಯ ವಿಧಿಯೊಳಗೆ ಬಂತು, ಅವನು ಮಾತ್ರ ಫುಟ್‌ಪಾತಿನಿಂದ ಹೊರಗೆ ಹೋದ. ಬದಲಿ ಜಾಗದ ಪ್ರಶ್ನೆ ಬಂದಾಗಲೆಲ್ಲ "ಯಾವ ಇಸವಿಯ ದಾಖಲೆಯಿದೆ?" ಎಂಬ ಮಾತೇ ಮುಂಬಯಿಯಲ್ಲಿ ಮುಂದೆ ಬರುವುದನ್ನು ನಾವೆಲ್ಲ ಬಲ್ಲೆವು. ಹಳೆಯ ರೇಷನ್ ಕಾರ್ಡನ್ನೂ ಗಣತಿಯ ಚೀಟಿಯನ್ನೂ ಟ್ರಂಕಿನ ತಳದಲ್ಲಿ ಜತನವಾಗಿ ಇಟ್ಟುಕೊಳ್ಳುವವರು ಸುಮ್ಮನೆ ಇಟ್ಟುಕೊಂಡಿಲ್ಲ.

ಈ ಪರೀಕ್ಷೆಯ ಶಕ್ತಿಯೂ ಮಿತಿಯೂ ಇಲ್ಲೇ ಇವೆ. ಯಾವುದಾದರೂ ಸರಕಾರಿ ಕ್ರಮ ನಮ್ಮ ಬಾಗಿಲಿಗೆ ಬಂದಾಗ ನಾವು ಕೇಳಬಹುದಾದದ್ದು ಫಜಲ್ ಅಲಿಯವರ ಆ ನಾಲ್ಕನ್ನೇ. ಮುಂಚಿತವಾಗಿ ತಿಳಿಸಿದರೇ? ಕಾರಣ ಹೇಳಿ ನಮ್ಮ ಉತ್ತರ ಕೇಳಿದರೇ? ಕೇಳಿದವರು ಮೊದಲೇ ತೀರ್ಮಾನ ಮಾಡಿಕೊಂಡು ಕುಳಿತವರಲ್ಲವಷ್ಟೆ? ಎಲ್ಲವೂ ಒಂದು ನಿಯಮದಂತೆ ನಡೆಯಿತೇ? ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದ ಮೇಲೆ ಮನೆ ಹೋಗುವುದೇ ಆದರೆ, ಅದು ಹೋಗುತ್ತದೆ.

2017ರ ಆಗಸ್ಟ್ 24ರಂದು ಒಂಬತ್ತು ಮಂದಿಯ ಪೀಠ, ಖಾಸಗಿತನವೂ 21ನೆಯ ವಿಧಿಯ ಭಾಗವೆಂದು ಸಾರಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಜಬಲ್ಪುರ ಪ್ರಕರಣದ ತೀರ್ಪನ್ನು ಅದೇ ದಿನ ರದ್ದುಮಾಡಲಾಯಿತು. ಹಾಗೆ ಬರೆದ ಡಿ. ವೈ. ಚಂದ್ರಚೂಡರು ಆ ತೀರ್ಪಿನಲ್ಲಿದ್ದ ಯಶವಂತ ಚಂದ್ರಚೂಡರ ಮಗ.

ಗುಡಿಸಲಿನ ಮಾತು ಮತ್ತೆ ಬಂದದ್ದು 2024ರ ನವೆಂಬರ್ 13ರಂದು. ಅಪರಾಧದ ಆಪಾದನೆ ಹೊತ್ತವರ ಮನೆಗಳನ್ನು ಕೆಲವು ರಾಜ್ಯಗಳಲ್ಲಿ ಬುಲ್ಡೋಜರಿನಿಂದ ಕೆಡಹುತ್ತಿದ್ದುದರ ಮೇಲೆ ನ್ಯಾಯಮೂರ್ತಿಗಳಾದ ಗವಾಯಿ ಮತ್ತು ವಿಶ್ವನಾಥನ್ ಅವರು ದೇಶಕ್ಕೆಲ್ಲ ಅನ್ವಯಿಸುವ ಕಟ್ಟಳೆಗಳನ್ನು ಮಾಡಿದರು. ಸೂರಿನ ಹಕ್ಕು 21ನೆಯ ವಿಧಿಗೆ ಸೇರಿದ್ದು. ಕಡಿಮೆಯೆಂದರೆ ಹದಿನೈದು ದಿನದ ನೋಟೀಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು, ಮನೆಯ ಮೇಲೂ ಅಂಟಿಸಬೇಕು, ಖುದ್ದಾಗಿ ಅಹವಾಲು ಕೇಳಬೇಕು, ಕಾರಣ ಬರೆದು ಆಜ್ಞೆ ಮಾಡಬೇಕು, ಆಮೇಲೂ ಹದಿನೈದು ದಿನ ಕಾಯಬೇಕು, ಕೆಡಹುವುದನ್ನು ವೀಡಿಯೋ ತೆಗೆಯಬೇಕು. ಮೀರಿದ ಅಧಿಕಾರಿ ತನ್ನ ಕೈಯಿಂದ ನಷ್ಟ ತುಂಬಬೇಕು. "ಕಾರ್ಯಕ್ರಮ" ಎಂಬ ಪದ ಇಷ್ಟು ವಿವರವಾಗಿ ಬಿಡಿಸಿಕೊಂಡದ್ದನ್ನು ನಾವು ಬೇರೆಲ್ಲೂ ಕಂಡಿಲ್ಲ.

ಆದರೆ ಅದೇ ತೀರ್ಪಿನಲ್ಲಿ ಒಂದು ವಿನಾಯಿತಿಯೂ ಇದೆ. ರಸ್ತೆ, ಫುಟ್‌ಪಾತು, ರೈಲುಹಳಿಯ ಪಕ್ಕ, ನದಿ ಹಾಗೂ ಇತರ ಜಲಮೂಲಗಳು ಇಂಥ ಸಾರ್ವಜನಿಕ ಜಾಗಗಳಲ್ಲಿ ಅನಧಿಕೃತವಾಗಿ ಕಟ್ಟಿದ್ದಕ್ಕೆ ಈ ಕಟ್ಟಳೆಗಳು ಅನ್ವಯಿಸುವುದಿಲ್ಲ. ಪಶ್ಚಿಮ ಹೆದ್ದಾರಿಯ ಬದಿಯಲ್ಲಿ ಇಂದು ಪ್ಲಾಸ್ಟಿಕ್ಕಿನ ಹಾಳೆ ಕಟ್ಟಿಕೊಂಡವನಿಗೆ ಈ ಹದಿನೈದು ದಿನ ಸಿಗುವುದಿಲ್ಲ. ಅವನು ವಾರ್ಡು ಕಚೇರಿಗೆ ಹಿಡಿದುಕೊಂಡು ಹೋಗಬಹುದಾದದ್ದು 1985ರಲ್ಲಿ "ತೆಗೆಸಬಹುದು" ಎಂಬ ಕ್ರಿಯಾಪದಕ್ಕೆ ಕೊಟ್ಟ ಅರ್ಥವೊಂದನ್ನೇ.